ಲಾಗಿನ್ ಆಗದವರು

ನನ್ನ ಕೆಲಸ ಏನು ಅಂತ ಚಿಕ್ಕಮ್ಮನಿಗೆ ಹತ್ತು ಸಲ ಹೇಳಿದ್ದೀನಿ. ಬೇರೆಯವರು ಬರೆದ ಕೋಡ್ ಓದೋದು, ಕಳ್ಳ ಎಲ್ಲಿಂದ ನುಗ್ಗಬಹುದು ಅಂತ ಹುಡುಕೋದು, ರಿಪೋರ್ಟ್ ಬರೆದು ಕೊಡೋದು. ಅಷ್ಟೇ. ರಿಪೇರಿ ಮಾಡೋದು ನನ್ನ ಕೆಲಸ ಅಲ್ಲ. ಚಿಕ್ಕಮ್ಮ ಪ್ರತಿ ಸಲವೂ ಪೂರ್ತಿ ಕೇಳಿಸಿಕೊಂಡು, ಅಂದ್ರೆ ಅಕ್ಕೀಲಿ ಕಲ್ಲು ಆರಿಸೋ ಕೆಲಸ ಅನ್ನು, ಅಂತಾಳೆ. ಆರಿಸಿಟ್ಟ ಕಲ್ಲನ್ನ ಹೊರಗೆ ಹಾಕೋರು ಯಾರು ಅಂತ ಇನ್ನೊಂದು ಪ್ರಶ್ನೆ ಬೇರೆ.

ಹೋದ ವರ್ಷ ಒಂದು ಕಂಪನಿಯವರು ಕರೆದರು. ರಕ್ತ ಪರೀಕ್ಷೆ ಮಾಡೋ ಲ್ಯಾಬ್‌ಗಳಿಗೆ ವೆಬ್ ಆ್ಯಪ್ ನಡೆಸೋ ಕಂಪನಿ. ರೋಗಿಯೋ ಅವರ ಮನೆಯವರೋ ಇಮೇಲ್, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ರಿಪೋರ್ಟ್ ಕಾಣುತ್ತೆ. ಕನ್ನಡಕದ ಅಂಗಡಿಯ ಮೇಲಿನ ಮಹಡೀಲಿ ಆಫೀಸು. ಹೊಸದಾಗಿ ಒಂದು ದೊಡ್ಡ ಆಸ್ಪತ್ರೆ ಇವರ ಜೊತೆ ಸೇರೋದಿತ್ತು. ಹೊರಗಿನವರಿಂದ ಒಂದು ಸಲ ತಪಾಸಣೆ ಆಗಲಿ, ರಿಪೋರ್ಟ್ ನಮಗೂ ತೋರಿಸಿ ಅಂತ ಆಸ್ಪತ್ರೆಯವರು ಕೇಳಿದ್ದಕ್ಕೆ ನನ್ನನ್ನ ಕರೆದಿದ್ದು. ಇಲ್ಲಿ ನೋಡಿದ್ದನ್ನ ಇಲ್ಲೇ ಬಿಟ್ಟು ಹೋಗ್ತೀನಿ, ಯಾರ ಹತ್ರವೂ ಬಾಯಿ ಬಿಡಲ್ಲ ಅಂತ ಮೊದಲ ದಿನವೇ ಆರು ಪುಟಕ್ಕೆ ಸಹಿ ಹಾಕಿಸಿಕೊಂಡರು.

ಕಂಪನಿಯ ಯಜಮಾನರು ಮೆತ್ತಗೆ ಮಾತಾಡೋ ಮನುಷ್ಯ. ಕೋಡ್ ಬರೆದವನಿಗೆ ಎಲ್ಲರೂ ಗಡ್ಡ ಅಂತಲೇ ಕರೀತಿದ್ದರು, ನಾನೂ ಹಾಗೇ ಕರೆದೆ. ಮೂವತ್ತೈದು ದಾಟಿದವನು, ಎರಡು ಮಕ್ಕಳ ತಂದೆ, ಇಡೀ ಆ್ಯಪ್ ಒಬ್ಬನೇ ಹೊತ್ತುಕೊಂಡು ನಿದ್ದೆಗೆಟ್ಟವನ ಹಾಗಿದ್ದ.

ಲಾಗಿನ್ ಕೋಡ್ ಇದ್ದದ್ದು ಬರೀ ಇಪ್ಪತ್ತು ಸಾಲು. ಓದಿದೆ. ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಬಂದ ಪಾಸ್‌ವರ್ಡನ್ನ ಎಂಡಿಫೈವ್ ಅನ್ನೋ ಹಳೇ ಲೆಕ್ಕಾಚಾರಕ್ಕೆ ಹಾಕಿ, ಹೊರಗೆ ಬಂದ ಮೂವತ್ತೆರಡು ಅಕ್ಷರವನ್ನ ಬಳಕೆದಾರರ ಪಟ್ಟಿ ಇರೋ ಟೇಬಲ್‌ನಲ್ಲಿರೋದಕ್ಕೆ ಹೋಲಿಸಿ, ಸರಿಹೋದರೆ ಒಳಗೆ ಬಿಡೋದು. ಸಾಲ್ಟ್ ಇಲ್ಲ. ಏನೂ ಇಲ್ಲ. ನನಗೆ ಮೂಗಿನ ತುದೀಲೇ ಕೋಪ, ಎಲ್ಲರಿಗೂ ಗೊತ್ತಿರೋ ವಿಷಯ. ಯಾವ ಕಾಲದಲ್ಲಿದ್ದೀಯಪ್ಪಾ ಅಂತ ಗಡ್ಡನ್ನ ತರಾಟೆಗೆ ತಗೊಂಡೆ. ಅದು ತಾನು ಬರೋಕೆ ಮುಂಚೆ ಯಾರೋ ಬರೆದದ್ದು, ಕೆಲಸ ಮಾಡ್ತಿತ್ತಲ್ಲ ಅಂತ ಮುಟ್ಟಲಿಲ್ಲ ಅಂದ.

ಯಜಮಾನರಿಗೆ ಇದನ್ನ ಬಿಡಿಸಿ ಹೇಳಬೇಕಿತ್ತು. ಹ್ಯಾಶ್ ಅಂದರೆ ಮಿಕ್ಸಿ ಇದ್ದ ಹಾಗೆ ಸಾರ್, ಹಾಕಿದ್ದು ಪುಡಿಯಾಗಿ ಬರುತ್ತೆ, ಪುಡಿಯಿಂದ ಮತ್ತೆ ಕಾಳು ಮಾಡೋಕಾಗಲ್ಲ, ಅಲ್ಲೀವರೆಗೆ ಸರಿ ಅಂದೆ. ಆದರೆ ಒಂದೇ ಕಾಳು ಹಾಕಿದರೆ ಯಾವಾಗಲೂ ಒಂದೇ ಪುಡಿ. ಕಳ್ಳ ಪುಡಿಯನ್ನ ತಿರುಗಿಸೋ ಗೋಜಿಗೇ ಹೋಗಲ್ಲ, ತನ್ನ ಮನೇಲಿ ಕೂತು ಸಾವಿರಾರು ಕೋಟಿ ಕಾಳು ಪುಡಿ ಮಾಡಿ, ಯಾವುದು ನಿಮ್ಮದಕ್ಕೆ ಹೊಂದುತ್ತೆ ಅಂತ ನೋಡ್ತಾನೆ. ಈ ಎಂಡಿಫೈವ್ ಎಷ್ಟು ಚುರುಕು ಅಂದರೆ, ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸಾವಿರಾರು ಕೋಟಿ ಸಲ ಮಾಡುತ್ತೆ. ಒಂದು ಊಹೆ ಮಾಡಿದರೆ ನಿಮ್ಮ ಆ್ಯಪಲ್ಲಿರೋ ಎರಡು ಲಕ್ಷ ಜನರ ಮೇಲೂ ಒಟ್ಟಿಗೆ ಪ್ರಯೋಗ ಆಯ್ತು. ಅದಕ್ಕೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲ್ಟ್ ಹಾಕಬೇಕು, ಅಂದರೆ ಅವರವರಿಗೇ ಅಂತ ಹುಟ್ಟಿಸಿದ ಒಂದಷ್ಟು ಅಡ್ಡಾದಿಡ್ಡಿ ಅಕ್ಷರ. ಆಗ ಇಬ್ಬರದ್ದೂ ಒಂದೇ ಪಾಸ್‌ವರ್ಡ್ ಆದರೂ ಪುಡಿ ಬೇರೆ. ಕಳ್ಳ ಒಬ್ಬೊಬ್ಬರ ಹತ್ರವೂ ಮೊದಲಿನಿಂದ ಶುರು ಮಾಡಬೇಕು. ಜೊತೆಗೆ ಬೇಕಂತಲೇ ನಿಧಾನ ಮಾಡೋ ಹ್ಯಾಶ್ ಬಳಸಿದರೆ ಒಂದೊಂದು ಊಹೆಗೂ ಕಾಲು ಸೆಕೆಂಡ್ ತಿನ್ನುತ್ತೆ. ಯಜಮಾನರು ತಲೆ ಆಡಿಸಿದರು. ಅರ್ಥ ಆಗಿರಲಿಲ್ಲ ಅಂತ ಮುಖದಲ್ಲೇ ಕಾಣ್ತಿತ್ತು.

ತೋರಿಸಿಬಿಡೋಣ ಅಂದುಕೊಂಡೆ. ಪರೀಕ್ಷೆಗೆ ಸುಳ್ಳು ಡೇಟಾ ಕೊಡಿ ಅಂತ ನಾನು ಕೇಳಿದ್ದೆ, ಆದರೆ ಗಡ್ಡ ಪುರುಸೊತ್ತಿಲ್ಲದೆ ನಿಜವಾದ ಟೇಬಲ್‌ನದ್ದೇ ನಕಲು ಕೊಟ್ಟುಬಿಟ್ಟಿದ್ದ. ಅದು ಇನ್ನೊಂದು ತಪ್ಪು, ಅದಕ್ಕೂ ಬೈದಿದ್ದೆ. ಅಲ್ಲಿಗೇ ನಿಲ್ಲಿಸಿ ಅದನ್ನ ಅಳಿಸಬೇಕಿತ್ತು. ಅಳಿಸಲಿಲ್ಲ. ಒಂದೇ ಹ್ಯಾಶ್ ನಾನೂರಕ್ಕೂ ಹೆಚ್ಚು ಸಾಲಿನಲ್ಲಿತ್ತು. ಅದು ಒಂದು ಎರಡು ಮೂರು ಅಂತ ಆರರವರೆಗಿನ ಅಂಕಿ ಅಂತ ನೋಡದೆಯೇ ಹೇಳಬಹುದಿತ್ತು. ಊಹೆ ಮಾಡೋ ಪ್ರೋಗ್ರಾಂ ಓಡಿಸಿ ಲ್ಯಾಪ್‌ಟಾಪನ್ನ ಯಜಮಾನರ ಕಡೆ ತಿರುಗಿಸಿದೆ. ಅವರು ಕಾಫಿ ಮುಗಿಸೋ ಹೊತ್ತಿಗೆ ಅರ್ಧಕ್ಕರ್ಧ ಜನರ ಪಾಸ್‌ವರ್ಡ್ ಇಮೇಲಿನ ಪಕ್ಕದಲ್ಲೇ ಬಂದು ಸಾಲಾಗಿ ನಿಂತವು. ಮಕ್ಕಳ ಹೆಸರು, ಹೆಂಡತಿ ಹೆಸರು, ಬೈಕಿನ ನಂಬರು. ಅಪ್ಪ ಬೇಗ ಹುಷಾರಾಗಲಿ ಅಂತ ಒಂದು. ಯಜಮಾನರು ಲೋಟ ಕೆಳಗಿಟ್ಟರು.

ಸಾಲುಗಳು ಮೇಲೆ ಹೋಗ್ತಾ ಇದ್ದವು, ನಾನು ನೋಡ್ತಾ ಇದ್ದೆ. ನಡುವೆ ಚಿಕ್ಕಮ್ಮನ ಇಮೇಲ್ ಬಂತು. ಪಕ್ಕದಲ್ಲಿ ಅವಳ ಪಾಸ್‌ವರ್ಡು.

ಇಂಗ್ಲಿಷಿನ ಆರು ಅಕ್ಷರದ ಒಂದು ಹೆಸರು, ಆಮೇಲೆ ಅವರ ಮದುವೆ ಆದ ವರ್ಷ. ಚಿಕ್ಕಪ್ಪ ಅವಳನ್ನ ಗುಟ್ಟಾಗಿ ಕರೀತಿದ್ದ ಹೆಸರು ಅಂತ ನೋಡಿದ ತಕ್ಷಣ ಗೊತ್ತಾಗೋ ಹಾಗಿತ್ತು. ಏನಂತ ಇಲ್ಲಿ ಬರೆಯಲ್ಲ. ನಮ್ಮೆದುರಿಗೆ ಅವರು ಹೆಂಡತೀನ "ಇವಳೇ" ಅಂತ ಬಿಟ್ಟರೆ ಬೇರೆ ರೀತಿ ಕರೆದದ್ದನ್ನ ನಾನು ಕೇಳಿಲ್ಲ. ಅಷ್ಟು ಗಂಭೀರ ಮನುಷ್ಯ. ಆ ಹೆಸರು ನೋಡಿ ನಗು ಬಂತು, ಹಿಂದೆಯೇ ನಾಚಿಕೆಯಾಯ್ತು. ಅವರ ಕೋಣೆ ಬಾಗಿಲು ತಳ್ಳಿಕೊಂಡು ಒಳಗೆ ಹೋದ ಹಾಗಾಯ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಆ ಸಂಜೆ ನಕಲನ್ನೂ ಅಳಿಸಿದೆ, ಆದರೆ ತಲೆಯೊಳಗಿಂದ ಅಳಿಸೋದು ಹೇಗೆ ಅಂತ ಗೊತ್ತಾಗಲಿಲ್ಲ.

ಚಿಕ್ಕಪ್ಪನಿಗೆ ಗಂಟಲಲ್ಲಿ ಗೆಡ್ಡೆ ಆಗಿತ್ತು. ಆ ಕಾಲದಲ್ಲಿ ರಿಪೋರ್ಟ್ ನೋಡೋಕೆ ಅಂತ ಈ ಆ್ಯಪಲ್ಲಿ ಚಿಕ್ಕಮ್ಮನ ಹೆಸರು ಸೇರಿಸಿ, ಪಾಸ್‌ವರ್ಡ್ ಇಟ್ಟುಕೊಟ್ಟವರು ಅವರೇ. ಅವಳ ಇಮೇಲಿಗೂ ಅವರು ಇಟ್ಟದ್ದು ಅದೇ ಪಾಸ್‌ವರ್ಡು, ಎಲ್ಲದಕ್ಕೂ ಒಂದೇ ಇರಲಿ, ಮರೆಯಲ್ಲ ಅಂತ. ಆಪರೇಷನ್ ಆದರೆ ದನಿ ಹೋಗುತ್ತೆ ಅಂತ ಡಾಕ್ಟರು ಹೇಳಿದ ಮೇಲೆ ಅವರು ಆಸ್ಪತ್ರೆ ಮಂಚದ ಮೇಲೆ ಕೂತು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಒಂದೊಂದಾಗಿ ಚಿಕ್ಕಮ್ಮನಿಗೆ ಮೇಲ್ ಮಾಡಿದರು. ನಲವತ್ತೊಂದು. ಅವರು ಹೋಗಿ ಎರಡು ವರ್ಷವಾಗಿತ್ತು. ಚಿಕ್ಕಮ್ಮ ದಿನಾ ಬೆಳಗ್ಗೆ ಹಳೇ ಕಂಪ್ಯೂಟರ್ ಹಾಕಿ, ಮೇಲ್ ತೆಗೆದು ಒಂದನ್ನ ಕೇಳ್ತಿದ್ದಳು. ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಒಂದರಲ್ಲಿ ಮಾತ್ರ ಇಸ್ತ್ರಿಪೆಟ್ಟಿಗೆಯ ಗ್ಯಾರಂಟಿ ಕಾರ್ಡ್ ಯಾವ ಡ್ರಾಯರಲ್ಲಿದೆ ಅಂತ ಏಳು ನಿಮಿಷ ಹೇಳಿದ್ದಾರಂತೆ. ಎಲ್ಲಾನೂ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ ಅಂದಿದ್ದೆ. ನೀನು ಕೇಳೋ ಮಾತಲ್ಲ ಅವು, ನಾನೇ ಕಲಿತು ಹಾಕ್ಕೋತೀನಿ ಅಂದಿದ್ದಳು. ಕಲಿಯಲಿಲ್ಲ.

ಆ ವಾರವೇ ಅವಳ ಮನೆಗೆ ಹೋದೆ. ಸುತ್ತಿ ಬಳಸಿ ಮಾತಾಡಿದೆ. ಇಮೇಲಿನ ಪಾಸ್‌ವರ್ಡ್ ಹಳೇದಾಯ್ತಲ್ಲ ಚಿಕ್ಕಮ್ಮ, ಎಲ್ಲರೂ ಬದಲಾಯಿಸ್ತಾರೆ, ನೀನೂ ಬದಲಾಯಿಸು ಅಂದೆ. ಅವಳು ಒಗೆದ ಬಟ್ಟೆ ಮಡಚ್ತಾ ಇದ್ದಳು. ಅವರು ಇಟ್ಟದ್ದು, ಹಾಗೇ ಇರಲಿ ಅಂದಳು. ನಾನು ಎಷ್ಟು ಹಟ ಮಾಡಿದರೂ ಅಷ್ಟೇ ಮಾತು. ನಿನ್ನ ಪಾಸ್‌ವರ್ಡ್ ನಾನು ನೋಡಿದೆ ಅಂತ ಹೇಳಿದ್ದರೆ ಬದಲಾಯಿಸ್ತಿದ್ದಳೇನೋ. ಸಹಿ ಹಾಕಿದ ಆರು ಪುಟ ಒಂದು ಕಡೆ, ಆ ಹೆಸರು ಒಂದು ಕಡೆ. ಬಾಯಿಗೆ ಬೀಗ ಬಿತ್ತು.

ಇತ್ತ ರಿಪೋರ್ಟ್ ಬರೆದೆ. ಹೊಸ ಹ್ಯಾಶ್ ಯಾವುದು, ಸಾಲ್ಟ್ ಹೇಗೆ, ಎಲ್ಲ. ಹಳೇ ಹ್ಯಾಶ್‌ಗಳ ವಿಷಯಕ್ಕೇ ಒಂದು ಪುಟ. ನಮ್ಮ ಹತ್ರ ಯಾರ ಪಾಸ್‌ವರ್ಡೂ ಇಲ್ಲವಲ್ಲ, ಬರೀ ಪುಡಿ ಇರೋದು. ಹಾಗಾಗಿ ಜನ ಲಾಗಿನ್ ಆದಾಗಲೇ ಪಾಸ್‌ವರ್ಡ್ ಕೈಗೆ ಸಿಗೋದು, ಆಗಲೇ ಅದನ್ನ ಹೊಸ ರೀತೀಲಿ ಹ್ಯಾಶ್ ಮಾಡಿ ಹಳೇದನ್ನ ಅಳಿಸಬಹುದು. ಆದರೆ ಲಾಗಿನ್ ಆಗದವರದ್ದು ಹಾಗೇ ಉಳಿಯುತ್ತೆ. ಅದಕ್ಕೆ ಕಾಯೋದೇ ಬೇಡ, ಇರೋ ಹಳೇ ಹ್ಯಾಶನ್ನೇ ತಗೊಂಡು ಒಂದೊಂದಕ್ಕೂ ಬೇರೆ ಸಾಲ್ಟ್ ಸೇರಿಸಿ ನಿಧಾನದ ಹ್ಯಾಶೊಳಗೆ ಸುತ್ತಿಬಿಡಿ, ಹಳೇ ಕಾಲಂ ಕಿತ್ತು ಹಾಕಿ ಅಂತ ಬರೆದೆ. ತೀವ್ರತೆ ಅನ್ನೋ ಜಾಗದಲ್ಲಿ ಹೊಸ ಹ್ಯಾಶ್ ತರೋದು, ಹಳೇದನ್ನ ಸುತ್ತೋದು, ಎರಡಕ್ಕೂ ಹೈ ಅಂತ ಹಾಕಿದೆ.

ಯಜಮಾನರು ಮೀಟಿಂಗ್ ಕರೆದರು. ಮೊದಲನೇದು ಒಪ್ಪಿದರು. ಎರಡನೇದಕ್ಕೆ ಗಡ್ಡ ಲೆಕ್ಕ ಹಾಕಿದ್ದ. ಎರಡು ಲಕ್ಷ ಖಾತೆ, ಒಂದಕ್ಕೆ ಕಾಲು ಸೆಕೆಂಡ್, ಹದಿನಾಲ್ಕು ಗಂಟೆ ಆಗುತ್ತೆ. ಅದು ಹಿಂದುಗಡೆ ತಾನೇ ಓಡುತ್ತೆ, ಆ್ಯಪ್ ನಿಲ್ಲಿಸೋದು ಬೇಕಿಲ್ಲ ಅಂದೆ. ಅದು ಸರಿ ಮೇಡಂ, ಆದರೆ ಲಾಗಿನ್ನಿನಲ್ಲಿ ಎರಡು ಥರದ ಹ್ಯಾಶ್ ನೋಡಿಕೊಳ್ಳಬೇಕು, ಅದನ್ನೆಲ್ಲ ಪರೀಕ್ಷೆ ಮಾಡೋಕೆ ನಾನೊಬ್ಬನೇ ಇರೋದು ಅಂದ. ಅವನ ಕಣ್ಣ ಕೆಳಗಿನ ಕಪ್ಪು ನೋಡಿ ಜಗಳ ಆಡೋಕೆ ಮನಸ್ಸಾಗಲಿಲ್ಲ. ಆಸ್ಪತ್ರೆ ಸೇರೋದು ಒಂದನೇ ತಾರೀಖು. ರಿಪೋರ್ಟಲ್ಲಿ ಬಾಕಿ ಉಳಿದ ಹೈ ಒಂದು ಕಂಡರೂ ಅವರು ಹಿಂದೆ ಸರೀತಾರೆ ಅಂತ ಯಜಮಾನರು ಹೇಳಿದರು. ಆಮೇಲೆ ನನ್ನನ್ನೇ ನೋಡಿ ಮೆತ್ತಗೆ ಕೇಳಿದರು.

"ಮೇಡಂ, ವರ್ಷಗಟ್ಟಲೆ ಲಾಗಿನ್ನೇ ಆಗದವರ ಖಾತೇಲಿ ಏನಿರುತ್ತೆ ಹೇಳಿ? ಒಂದು ಹಳೇ ರಕ್ತದ ರಿಪೋರ್ಟು. ಯಾರು ಏನು ಕಳ್ಕೋತಾರೆ?"

ಉತ್ತರ ನಾಲಿಗೆ ತುದೀಲಿತ್ತು. ಅದೇ ಪಾಸ್‌ವರ್ಡ್ ಬೇರೆ ಕಡೆಯೂ ಇರುತ್ತೆ ಸಾರ್ ಅಂದೆ. ಅದು ಅವರ ತಪ್ಪಲ್ವಾ ಅಂದರು. ನಲವತ್ತೊಂದು ರೆಕಾರ್ಡಿಂಗ್ ಬಗ್ಗೆ ಹೇಳಿದ್ದರೆ ಆ ಕೋಣೇಲಿದ್ದವರು ಒಪ್ಪುತ್ತಿದ್ದರೋ ಏನೋ. ಹೇಳಲಿಲ್ಲ. ಕೊನೆಗೆ ರಾಜಿ ಆಯ್ತು. ಸದ್ಯಕ್ಕೆ ಲಾಗಿನ್ ಆದವರದ್ದು ಬದಲಾಯಿಸೋದು, ತೊಂಬತ್ತು ದಿನ ಆದ ಮೇಲೆ ಉಳಿದ ಹಳೇ ಹ್ಯಾಶ್ ಪೂರ್ತಿ ಅಳಿಸೋದು, ಅವರು ಯಾವತ್ತಾದರೂ ಬಂದರೆ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲಿ. ತೊಂಬತ್ತೇ ದಿನ ಅಲ್ವಾ ಅಂತ ನಾನು ಹೈ ಅಳಿಸಿ ಮೀಡಿಯಂ ಅಂತ ಮಾಡಿದೆ. ನಮ್ಮ ಕಸುಬಿನಲ್ಲಿ ಹೈ ಅಂದರೆ ನಾಳೆ, ಮೀಡಿಯಂ ಅಂದರೆ ಆಮೇಲೆ. ಅದು ನನಗೆ ಗೊತ್ತಿರದ ವಿಷಯ ಏನಲ್ಲ.

ಹೊಸ ಕೋಡ್ ಹೋಯ್ತು. ಗಡ್ಡ ಹೇಳಿದ್ದನ್ನ ಹೇಳಿದ ಹಾಗೇ, ಅಚ್ಚುಕಟ್ಟಾಗಿ ಮಾಡಿದ್ದ. ಇನ್ನು ಚಿಕ್ಕಮ್ಮ ಒಂದೇ ಒಂದು ಸಲ ಆ ಲ್ಯಾಬ್ ಆ್ಯಪಿಗೆ ಹೋಗಿ ಬಂದರೆ ಮುಗೀತು, ಅವಳ ಹಳೇ ಹ್ಯಾಶ್ ಮಾಯ. ಮತ್ತೆ ಅವಳ ಮನೆಗೆ ಓಡಿದೆ. ಆ ಲ್ಯಾಬಿನವರದ್ದು ಒಂದು ಸಲ ತೆಗೆದು ನೋಡೇ, ಏನೋ ಹೊಸದಾಗಿ ಮಾಡಿದ್ದಾರಂತೆ ಅಂದೆ. ನನಗೇ ಸುಳ್ಳಿನ ಹಾಗೆ ಕೇಳಿಸಿತು.

ಚಿಕ್ಕಮ್ಮ "ಅದನ್ನ ತೆಗೆದ್ರೆ ಮೊದಲು ಕಾಣೋದೇ ಆ ಕೊನೇ ರಿಪೋರ್ಟು ಕಣೇ. ಅದನ್ನ ಮಾತ್ರ ನನ್ನ ಕೈಲಿ ಮಾಡಿಸಬೇಡ," ಅಂದಳು.

ಮನೆಗೆ ಬಂದು ಮಧ್ಯಾಹ್ನ ಒಬ್ಬಳೇ ಕೂತು ಆ ಆ್ಯಪಿನ ಪುಟ ತೆಗೆದೆ. ಚಿಕ್ಕಮ್ಮನ ಇಮೇಲ್ ಹಾಕಿದೆ. ಕೆಳಗೆ ಆ ಆರು ಅಕ್ಷರ, ನಾಲ್ಕು ಅಂಕಿ ಹಾಕಿದೆ. ಎಂಟರ್ ಒತ್ತಿದರೆ ಆಯ್ತು, ಅವಳು ಉಳೀತಾಳೆ. ಬೇರೆಯವರ ಖಾತೆಗೆ ಅವರಿಗೆ ಗೊತ್ತಿಲ್ಲದೆ ನುಗ್ಗೋದನ್ನ ಕಳ್ಳತನ ಅಂತ ಹದಿನೈದು ವರ್ಷದಿಂದ ರಿಪೋರ್ಟ್ ಬರೆದು ಹೊಟ್ಟೆ ಹೊರೆದವಳು ನಾನು. ಬೆರಳು ಅಲ್ಲೇ ಇತ್ತು. ಇನ್ನೆಷ್ಟು, ತೊಂಬತ್ತು ದಿನ ಅಷ್ಟೇ ಅಲ್ವಾ ಅಂದುಕೊಂಡೆ. ಒಂದೊಂದೇ ಅಕ್ಷರ ಅಳಿಸಿ ಪುಟ ಮುಚ್ಚಿದೆ. ದೊಡ್ಡ ಮನುಷ್ಯರ ಹಾಗೆ ಎದ್ದು ಹೋಗಿ ಪಾತ್ರೆ ತೊಳೆದೆ.

ತೊಂಬತ್ತನೇ ದಿನ ಗಡ್ಡನಿಗೆ ಮೆಸೇಜ್ ಹಾಕಿದೆ. ಈ ವಾರ ಆಗಲ್ಲ ಅಂದ. ನೂರ ಇಪ್ಪತ್ತನೇ ದಿನ ಹಾಕಿದೆ, ಲಿಸ್ಟಲ್ಲಿದೆ ಅಂದ. ಯಜಮಾನರಿಗೆ ಬರೆದೆ. ನಿಮ್ಮ ಕೆಲಸ ಮುಗಿದಿದೆಯಲ್ಲ ಮೇಡಂ, ಕಾಳಜಿಗೆ ಥ್ಯಾಂಕ್ಸ್ ಅಂತ ಉತ್ತರ ಬಂತು. ಸರ್ವರ್ ಅವರದ್ದು, ಬಾಗಿಲು ಅವರದ್ದು. ಹೊರಗೆ ನಿಂತು ಇನ್ನೆಷ್ಟು ಸಲ ತಟ್ಟಲಿ? ಕೋಪ ಮಾಡಿಕೊಂಡು ಎರಡು ದಿನ ಊಟ ಸೇರಲಿಲ್ಲ, ಅಷ್ಟೇ ಆದದ್ದು.

ಐದು ತಿಂಗಳಾದ ಮೇಲೆ ಒಂದು ಮಂಗಳವಾರ ಬೆಳಗ್ಗೆ ಚಿಕ್ಕಮ್ಮನ ಫೋನು. ಮೇಲ್ ತೆಗೆಯೋಕೆ ಹೋದರೆ ಪಾಸ್‌ವರ್ಡ್ ತಪ್ಪು ಅಂತಿದೆ, ಮೂರು ಸಲ ಹಾಕಿದೆ, ಕೀಬೋರ್ಡ್ ಕೆಟ್ಟಿದೆಯಾ ನೋಡು ಬಾ ಅಂದಳು. ಮೊದಲು ಗಡ್ಡನಿಗೆ ಫೋನ್ ಮಾಡಿ, ಹಳೇ ಕಾಲಂ ಅಳಿಸಿದ್ಯಾ ಅಂತ ಕೇಳಿದೆ. ಅವನು ದನಿ ಇಳಿಸಿ ಹೇಳಿದ. ಇನ್ಯಾವುದೋ ಪುಟದ ತೂತಿನಿಂದ ಯಾರೋ ಒಳಗೆ ಬಂದು ಬಳಕೆದಾರರ ಟೇಬಲ್ ಪೂರ್ತಿ ಎತ್ತಿಕೊಂಡು ಹೋಗಿದ್ದಾರೆ, ಹತ್ತು ದಿನ ಆಯ್ತು, ಹೊರಗೆ ಹೇಳೋದು ಹೇಗೆ ಅಂತ ಯಜಮಾನರು ವಕೀಲರ ಹತ್ರ ಕೂತಿದ್ದಾರೆ ಅಂತ. ಹೊಸ ಹ್ಯಾಶ್‌ಗಳನ್ನ ಇಲ್ಲೀವರೆಗೂ ಒಡೆದ ಹಾಗಿಲ್ಲ ಮೇಡಂ, ನೀವು ಹೇಳಿದ್ದು ನಿಂತಿದೆ ಅಂದ. ಉಳಿದವು ಎಷ್ಟಿದ್ದವು ಅಂತ ಕೇಳಿದೆ. ಎಪ್ಪತ್ತು ಸಾವಿರ.

ಆ ಎಪ್ಪತ್ತು ಸಾವಿರ ಜನ ಯಾರು ಅಂತ ಲೆಕ್ಕ ಹಾಕಿದರೆ ಸಂಕಟ ಆಗುತ್ತೆ. ರಿಪೋರ್ಟ್ ನೋಡೋ ಅಗತ್ಯ ಇಲ್ಲದವರು. ಕೆಲವರು ಹುಷಾರಾದವರು. ಇನ್ನು ಕೆಲವರಿಗೆ ನೋಡೋಕೆ ರೋಗಿಯೇ ಉಳಿದಿಲ್ಲ. ಅವರಿಗೆ ನಾನು ಮೀಡಿಯಂ ಅಂತ ಹಾಕಿದ್ದೆ.

ಚಿಕ್ಕಮ್ಮನ ಇಮೇಲನ್ನ ಕದ್ದವರಿಗೆ ಚಿಕ್ಕಪ್ಪನ ದನಿ ಬೇಕಿರಲಿಲ್ಲ. ಅವಳ ಹೆಸರಲ್ಲಿ ಸಾವಿರಾರು ಜನಕ್ಕೆ ಏನೇನೋ ಕಳಿಸೋಕೆ ಒಂದು ವಿಳಾಸ ಬೇಕಿತ್ತು, ಅಷ್ಟೇ. ಪಾಸ್‌ವರ್ಡ್ ಬದಲಾಯಿಸಿದ್ದರು, ಫೋನ್ ನಂಬರ್ ಬದಲಾಯಿಸಿದ್ದರು. ಅಲ್ಲಿ ಮೊದಲಿದ್ದ ನಂಬರೂ ಚಿಕ್ಕಪ್ಪನದ್ದು, ಅವರು ಹೋದ ಮೇಲೆ ನಿಂತುಹೋದದ್ದು. ಆ ಖಾತೆಯಿಂದ ಬೇಡದ ಮೇಲ್ ಹೋಗ್ತಿದೆ ಅಂತ ಇಮೇಲ್ ಕಂಪನಿಯವರು ಅದನ್ನ ಮುಚ್ಚಿದ್ದರು. ನಿಮ್ಮದೇ ಅಂತ ತೋರಿಸಿ ಅಂತ ಒಂದು ಫಾರಂ. ಮಾತಾಡೋಕೆ ಮನುಷ್ಯರು ಯಾರೂ ಇಲ್ಲ. ಎರಡು ಸಲ ತುಂಬಿದೆವು, ಎರಡು ಸಲವೂ ಖಚಿತಪಡಿಸಿಕೊಳ್ಳೋಕೆ ಆಗಲಿಲ್ಲ ಅಂತ ಒಂದೇ ಸಾಲು ಬಂತು. ಮೂರನೇ ಸಲಕ್ಕೆ ಇದೇ ಕೊನೆ ಅಂತ ಬರೆದಿತ್ತು.

ಮೂರನೇ ಸಲ ನಾನೇ ಕಂಪ್ಯೂಟರ್ ಮುಂದೆ ಕೂತಿದ್ದೆ. ಚಿಕ್ಕಮ್ಮ ಹಿಂದೆ ಕುರ್ಚಿ ಹಿಡಿದು ನಿಂತಿದ್ದಳು. ಖಾತೆ ತೆರೆದ ವರ್ಷ ಕೇಳಿತು, ಅಂದಾಜಿಗೆ ಹಾಕಿದೆ. ಆಮೇಲೆ ನಿಮಗೆ ನೆನಪಿರೋ ಕೊನೇ ಪಾಸ್‌ವರ್ಡ್ ಹಾಕಿ ಅಂತು. ನನ್ನ ಬೆರಳು ತಾನಾಗೇ ಮೊದಲ ಅಕ್ಷರದ ಮೇಲೆ ಹೋಯ್ತು. ಮಡಿಲಿಗೆ ಎಳೆದುಕೊಂಡೆ.

"ನೀನು ಏಳು," ಅಂದಳು ಚಿಕ್ಕಮ್ಮ. "ಆ ಕಡೆ ತಿರುಗಿಕೋ. ತಪ್ಪು ತಿಳ್ಕೋಬೇಡ ಮಗಾ. ಯಾರಿಗೂ ತೋರಿಸಬೇಡ ಅಂತ ಅವರು ಹೇಳಿದ್ರು."

ಎದ್ದು ಗೋಡೆ ಕಡೆ ತಿರುಗಿ ನಿಂತೆ. ಹಿಂದೆ ಅವಳು ಒಂದೊಂದೇ ಕೀ ಹುಡುಕಿ ಒತ್ತುವ ಸದ್ದು. ಆರು ಸಲ. ಆಮೇಲೆ ನಾಲ್ಕು. ಬೇಡ ಅಂದರೂ ನನ್ನ ತಲೆಯೊಳಗೆ ಅವಳ ಜೊತೆಜೊತೆಗೇ ಅಕ್ಷರಗಳು ಬೀಳ್ತಾ ಇದ್ದವು. ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಏನಂತ ಹೇಳಲಿ? ನಿನ್ನದನ್ನ ಉಳಿಸೋದು ನನ್ನ ಕೈಲಿ ಎರಡು ಸಲ ಇತ್ತು ಅಂತಲಾ?

ಉತ್ತರ ಗುರುವಾರ ಬಂತು. ಅದೇ ಒಂದು ಸಾಲು, ಜೊತೆಗೆ ಇನ್ನು ಅರ್ಜಿ ಹಾಕೋಕೆ ಆಗಲ್ಲ ಅಂತ. ನಾನೇ ಓದಿ ಹೇಳಿದೆ. ಚಿಕ್ಕಮ್ಮ ಅಳಲಿಲ್ಲ. ಕಂಪ್ಯೂಟರ್ ಆರಿಸಿ ಅದರ ಮೇಲೆ ಬಟ್ಟೆ ಹೊದಿಸಿದಳು. ಬೆಳಗ್ಗೆ ಆ ಹೊತ್ತಿಗೆ ಇನ್ನೇನು ಮಾಡಲಿ ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಅಡುಗೆಮನೆಗೆ ಹೋಗಿ ಇಬ್ಬರಿಗೂ ಕಾಫಿ ತಂದಳು. ನನ್ನ ಮುಖ ನೋಡಿ ಅವಳೇ ನನಗೆ ಸಮಾಧಾನ ಹೇಳೋಕೆ ಶುರು ಮಾಡಿದಳು.

"ಹೋಗ್ಲಿ ಬಿಡು, ನೀನು ಯಾಕೆ ಹೀಗಾಗ್ತೀಯ. ದನಿ ಹೋಯ್ತು. ಅವರು ನಂಗಿಟ್ಟ ಆ ಹೆಸರಾದ್ರೂ ನನ್ನ ಅವರ ಮಧ್ಯೆಯೇ ಉಳೀತಲ್ಲ."

ನಾನು ಹೂಂ ಅಂದೆ. ಕಾಫಿ ಬಿಸಿ ಇತ್ತು, ಹಾಗೇ ಕುಡಿದೆ.